ಇಎಸ್‌ಪಿ32ರಲ್ಲಿ ಸೈನ್ ಕೂಡ್ಸಿ ಸ್ಕ್ವೇರ್ ವೇವ್ ಕಟ್ಟಿದ್ದು, ಆಮೇಲೆ ಒಂದು ಕೆಪಾಸಿಟರ್ ಅದನ್ನ ಸೊಟ್ಟ ಮಾಡಿದ್ದು

ತಂಗಿ ಮಗಳು ಇಸಿ ನಾಲ್ಕನೇ ಸೆಮ್. ಸಿಗ್ನಲ್ಸ್ ಪೇಪರ್‌ನ ಇಂಟರ್ನಲ್ಸ್ ಬರ್ದು ಬಂದವ್ಳು ಬ್ಯಾಗ್ ಮೂಲೆಗೆ ಎಸ್ದು ಕೇಳಿದ್ದು ಒಂದೇ ಪ್ರಶ್ನೆ. "ಮಾಮ, ಫೂರಿಯೇ ಸೀರೀಸ್ ಫಾರ್ಮುಲಾ ಎಲ್ಲಾ ಬಾಯಿಪಾಠ ಇದೆ, a0, an, bn ಎಲ್ಲಾ ಹಾಕ್ತೀನಿ, ಮಾರ್ಕ್ಸೂ ಬರತ್ತೆ. ಆದ್ರೆ ಸೈನ್ ನೋಡಿದ್ರೆ ನುಣ್ಣಗೆ ಇರತ್ತೆ, ಸ್ಕ್ವೇರ್ ವೇವ್‌ಗೆ ಮೂಲೆ ಇದೆ. ನುಣ್ಣಗಿರೋದನ್ನ ಎಷ್ಟು ಕೂಡ್ಸಿದ್ರೂ ಮೂಲೆ ಎಲ್ಲಿಂದ ಬರತ್ತೆ? ಸೈನ್ ಕೊಸೈನ್ ಕೂಡ್ಸಿದ್ರೆ ಯಾವ ಶೇಪ್ ಬೇಕಾದ್ರೂ ಆಗತ್ತೆ ಅಂತ ಯಾವ ಧೈರ್ಯದ ಮೇಲೆ ಹೇಳ್ತಾರೆ?"

ನಂಗೆ ಉತ್ತರ ಗೊತ್ತಿತ್ತು ಅಂದ್ಕೊಂಡಿದ್ದೆ, ಬಾಯಿ ಬಿಟ್ಮೇಲೆ ಗೊತ್ತಾಯ್ತು ಅರ್ಧ ಮಾತ್ರ ಗೊತ್ತು ಅಂತ. ಸರಿ, ಹಾಳೆ ಮೇಲೆ ಬೇಡ, ಕಟ್ಟೇ ನೋಡೋಣ ಅಂತ ಹೊರಟ್ವಿ. ಒಂದು ಭಾನುವಾರದ ಕೆಲ್ಸ ಅಂದ್ಕೊಂಡಿದ್ದು ಮೂರು ಭಾನುವಾರ ತಿಂತು, ಅದ್ರಲ್ಲಿ ಎರಡು ಒಂದು ಕೆಪಾಸಿಟರ್ ದಯೆಯಿಂದ. ಅದೇ ಕಥೆ ಇದು.

ಸಾಮಾನು ಹೆಚ್ಚೇನಿಲ್ಲ. ಹಳೇ ಇಎಸ್‌ಪಿ32 ಬೋರ್ಡ್ ಒಂದು (ಎಸ್3, ಸಿ3 ತಗೋಬೇಡಿ, ಅವುಗಳಲ್ಲಿ ಡ್ಯಾಕ್ ಇಲ್ಲ, ಮೊದಲ ಇಎಸ್‌ಪಿ32ನೇ ಬೇಕು), 1 ಮೈಕ್ರೋಫ್ಯಾರಡ್ ಕೆಪಾಸಿಟರ್, 10 ಕಿಲೋಓಮ್ ವಾಲ್ಯೂಮ್ ಪಾಟ್, ಒಂದು ಪುಟಾಣಿ ಆಂಪ್ಲಿಫೈಯರ್ ಬೋರ್ಡು ಸ್ಪೀಕರ್ರು, ಒಂದು ಪುಶ್ ಬಟನ್ನು, ಮತ್ತೆ ಲ್ಯಾಪ್‌ಟಾಪ್‌ಗೆ ಹಾಕೋ ಯುಎಸ್‌ಬಿ ಸ್ಕೋಪ್. ಪಿನ್ 25ರಲ್ಲಿ ಡ್ಯಾಕ್ ಔಟ್‌ಪುಟ್ ಬರತ್ತೆ, 8 ಬಿಟ್, ಅಂದ್ರೆ 0 ಇಂದ 255 ವರೆಗೆ ನಂಬರ್ ಕೊಟ್ರೆ ಸುಮಾರು 0 ಇಂದ 3.3 ವೋಲ್ಟ್. ಒಂದು ಸೈಕಲ್‌ಗೆ 400 ಸ್ಯಾಂಪಲ್, 50 ಮೈಕ್ರೋಸೆಕೆಂಡಿಗೆ ಒಂದೊಂದು, ಒಟ್ಟು 20 ಮಿಲಿಸೆಕೆಂಡ್, ಹಂಗಾಗಿ 50 ಹರ್ಟ್ಸ್. ಬಟನ್ ಒತ್ತಿದಾಗೆಲ್ಲ ಇನ್ನೊಂದು ಹಾರ್ಮೋನಿಕ್ ಸೇರ್ಕೊಳ್ಳತ್ತೆ. ಟೇಬಲ್ ಕಟ್ಟೋ ಭಾಗ ಇಷ್ಟೇ:

```
const int M = 400;
uint8_t tab[M];

void build(int N) {
  for (int k = 0; k < M; k++) {
    float x = 2 * PI * k / M, s = 0;
    for (int n = 1; n <= N; n += 2)
      s += 4 / (PI * n) * sin(n * x);
    int v = 128 + 100 * s + 0.5;
    tab[k] = v;
  }
}
```

`n += 2` ಯಾಕಂದ್ರೆ ಸ್ಕ್ವೇರ್ ವೇವ್‌ನಲ್ಲಿ 1, 3, 5, 7 ಹೀಗೆ ಬೆಸ ಹಾರ್ಮೋನಿಕ್‌ಗಳು ಮಾತ್ರ ಇರೋದು, ಪ್ರತಿಯೊಂದರ ಎತ್ತರ `4/(πn)`. `+1` ಮತ್ತು `-1` ಮಧ್ಯೆ ಹಾರೋ ಸ್ಕ್ವೇರ್ ವೇವ್ ಲೆಕ್ಕ ಇದು, ಅದನ್ನ 100ರಿಂದ ಗುಣಿಸಿ 128ರ ಮೇಲೆ ಕೂರಿಸಿದೀನಿ, ಹಂಗಾಗಿ ನಮ್ಮ "1" ಅಂದ್ರೆ ಸುಮಾರು 1.3 ವೋಲ್ಟ್.

ಮೊದಲ ಭಾನುವಾರ ಡ್ಯಾಕ್ ಪಿನ್‌ಗೇ ನೇರವಾಗಿ ಪ್ರೋಬ್ ಇಟ್ವಿ. `N=1` ಸಾದಾ ಸೈನ್. `N=3` ಮಾಡಿದ್ರೆ ತಲೆ ಮೇಲೆ ಎರಡು ಡುಬ್ಬ, ಒಂಟೆ ಥರ. `N=9`ರಲ್ಲಿ ಆಗ್ಲೇ "ಓ ಇದು ಸ್ಕ್ವೇರ್ ಆಗಕ್ಕೆ ಹೊರಟಿದೆ" ಅನ್ಸತ್ತೆ, ಏರು ಕಡಿದಾಗಿ ತಲೆ ಮೇಲೆ ಐದು ಸಣ್ಣ ಅಲೆ. `N=99`ಕ್ಕೆ ಮೇಲ್ಭಾಗ ಚಪ್ಪಟೆ, ಅಂಚಿನಲ್ಲಿ ಮಾತ್ರ ಒಂದು ಮುಳ್ಳು ಎದ್ದು ನಿಂತಿದೆ. ಆ ಮುಳ್ಳಿನ ವಿಷಯಕ್ಕೆ ಆಮೇಲೆ ಬರ್ತೀನಿ. ಹುಡುಗಿ ಹತ್ತು ನಿಮಿಷ ಬಟನ್ ಒತ್ತಿ ಒತ್ತಿ ನೋಡಿದ್ಲು, ಆಮೇಲೆ ಹೇಳಿದ್ಲು, "ಸರಿ, ಸ್ಕ್ವೇರ್ ಆಯ್ತು, ಇದಕ್ಕೆ ಫಾರ್ಮುಲಾ ಗೊತ್ತಿತ್ತು. ಯಾವ್ದೋ ಹಾಳುಮೂಳು ಶೇಪ್ ಕೊಟ್ರೆ? ಅದೂ ಆಗತ್ತೆ ಅನ್ನಕ್ಕೆ ಏನು ಗ್ಯಾರಂಟಿ?"

ಇಲ್ಲಿ ಕರೆಂಟ್ ಬಿಲ್ ಹಿಂದೆ ಬರ್ದಿದ್ದು ನೋಡಿ, ನನ್ನ ಪ್ರಕಾರ ಇಡೀ ವಿಷಯ ಇದ್ರಲ್ಲೇ ಇದೆ. 400 ಸ್ಯಾಂಪಲ್ ಜಾಸ್ತಿ ಆಯ್ತು, ಒಂದು ಸೈಕಲ್‌ಗೆ ನಾಲ್ಕೇ ಸ್ಯಾಂಪಲ್ ಅಂತ ಇಟ್ಕೊಳ್ಳಿ. ಬಾಯಿಗೆ ಬಂದ ನಾಲ್ಕು ನಂಬರ್ ಹೇಳು ಅಂದೆ. 3, 7, 1, 5 ಅಂದ್ಲು. ಆಯ್ತು, ಇದೇ ನಮ್ಮ ಸಿಗ್ನಲ್, ಇದೇ ನಾಲ್ಕು ಮತ್ತೆ ಮತ್ತೆ ಬರ್ತಿರತ್ತೆ. ನಾಲ್ಕು ಸ್ಯಾಂಪಲ್ ಮೇಲೆ ಕೂರೋ ಅಲೆಗಳು ಯಾವ್ಯಾವು ಅಂತ ಬರ್ಕೊಂಡ್ವಿ:

```
DC      :  1   1   1   1
cos 1   :  1   0  -1   0
sin 1   :  0   1   0  -1
cos 2   :  1  -1   1  -1
```

ಯಾವ ಎರಡು ಸಾಲು ಬೇಕಾದ್ರೂ ತಗೊಳ್ಳಿ, ಮೇಲೆ ಕೆಳಗೆ ಗುಣಿಸಿ ಕೂಡಿಸಿ, ಸೊನ್ನೆ ಬರತ್ತೆ. ಅಂದ್ರೆ ಒಂದಕ್ಕೊಂದು ಲಂಬ. ಬೆಂಗಳೂರಲ್ಲಿ ಜಯನಗರದ ಅಡ್ರೆಸ್ ಹೇಳೋ ಥರ ಇದು, ಎಷ್ಟನೇ ಮೇನ್, ಎಷ್ಟನೇ ಕ್ರಾಸ್. ಮೇನ್ ರೋಡ್ ಹಿಡ್ದು ಎಷ್ಟು ನಡೆದ್ರೂ ಮೇನ್ ಬದಲಾಗಲ್ಲ, ಕ್ರಾಸ್ ಮಾತ್ರ ಬದಲಾಗ್ತಾ ಹೋಗತ್ತೆ, ಅದಕ್ಕೆ ಎರಡನ್ನೂ ಬೇರೆ ಬೇರೆಯಾಗಿ ಎಣಿಸ್ಬೋದು. ಹಂಗೆ ಸಿಗ್ನಲ್‌ನಲ್ಲಿ ಪ್ರತಿ ಅಲೆ ಎಷ್ಟಿದೆ ಅಂತ ಎಣಿಸಕ್ಕೆ ಆ ಸಾಲಿಂದ ಗುಣಿಸಿ, ಕೂಡ್ಸಿ, ಆ ಸಾಲಿನ ಸ್ವಂತ ತೂಕದಿಂದ, ಅಂದ್ರೆ ಅದನ್ನ ಅದರಿಂದ್ಲೇ ಗುಣಿಸಿ ಕೂಡ್ಸಿದ್ರೆ ಬರೋ ನಂಬರಿಂದ, ಭಾಗಿಸಿದ್ರೆ ಮುಗೀತು, ಉಳಿದ ಮೂರು ಸಾಲುಗಳು ಈ ಲೆಕ್ಕದಲ್ಲಿ ಮೂಗು ತೂರಿಸಲ್ಲ:

```
DC    : (3 + 7 + 1 + 5) / 4 =  4
cos 1 : (3 - 1) / 2         =  1
sin 1 : (7 - 5) / 2         =  1
cos 2 : (3 - 7 + 1 - 5) / 4 = -2
```

ವಾಪಸ್ ಕೂಡ್ಸಿ ನೋಡಿ. ಮೊದಲ ಸ್ಯಾಂಪಲ್ `4+1+0-2 = 3`. ಎರಡನೇದು `4+0+1+2 = 7`. ಮೂರನೇದು `4-1+0-2 = 1`. ನಾಲ್ಕನೇದು `4+0-1+2 = 5`. ಅವ್ಳು ಬಾಯಿಗೆ ಬಂದಿದ್ದು ಹೇಳಿದ್ದು, ಆದ್ರೂ ಕರೆಕ್ಟಾಗಿ ಬಂತು. ಬರ್ಲೇಬೇಕು ಕೂಡ, ಯಾಕಂದ್ರೆ ನಾಲ್ಕು ನಂಬರ್‌ಗೆ ನಾಲ್ಕೇ ದಿಕ್ಕು, ಒಂದಕ್ಕೊಂದು ಲಂಬವಾಗಿರೋ ನಾಲ್ಕು ದಿಕ್ಕು ಕೈಯಲ್ಲಿದ್ರೆ ಐದನೇದಕ್ಕೆ ಜಾಗವೇ ಉಳಿಯಲ್ಲ. ಯಾವ ನಾಲ್ಕು ನಂಬರ್ ಕೊಟ್ರೂ ಈ ನಾಲ್ಕರಲ್ಲೇ ಹೇಳಿ ಮುಗಿಸ್ಬೇಕು, ಬಾಕಿ ಉಳಿಯಕ್ಕೆ ದಾರಿ ಇಲ್ಲ.

ನಮ್ಮ ಟೇಬಲ್‌ನ 400ಕ್ಕೂ ಇದೇ ಲೆಕ್ಕ. ಡಿಸಿ 1, ಕೊಸೈನ್ 1ರಿಂದ 199, ಸೈನ್ 1ರಿಂದ 199, ಕೊನೆಗೆ 200ನೇ ಕೊಸೈನ್ (200ನೇ ಸೈನ್ ಎಲ್ಲಾ ಸ್ಯಾಂಪಲ್‌ನಲ್ಲೂ ಸೊನ್ನೆಯೇ, ಅದು ಲೆಕ್ಕಕ್ಕಿಲ್ಲ). ಕೂಡ್ಸಿದ್ರೆ `1+199+199+1 = 400`. ಒಂದು ಹೆಚ್ಚಿಲ್ಲ ಒಂದು ಕಮ್ಮಿ ಇಲ್ಲ. 201ನೇ ಸೈನ್ ಹಾಕ್ತೀನಿ ಅಂತ ಹೋದ್ರೆ ಟೇಬಲ್‌ನಲ್ಲಿ ಅದು 199ನೇದೇ ತಲೆಕೆಳಗಾಗಿ ಬಂದು ಕೂರತ್ತೆ, ಕ್ಲಾಸಲ್ಲಿ ಅಲಿಯಾಸಿಂಗ್ ಅಂತ ಓದಿರ್ತೀರಲ್ಲ ಅದೇ.

400 ಸ್ಯಾಂಪಲ್‌ಗೂ ಇವು ಲಂಬ ಅಂತ ನಂಬೋದು ಹೆಂಗೆ ಅಂದ್ರೆ ಪಿಯುಸಿ ಟ್ರಿಗ್ನಾಮೆಟ್ರಿ ಸಾಕು:

```
sin(m x) * sin(n x) = 1/2 [ cos((m-n) x) - cos((m+n) x) ]
```

ಬಲಗಡೆ ಇರೋ ಎರಡೂ ಕೊಸೈನ್‌ಗಳು ಒಂದು ಸೈಕಲ್‌ ಒಳಗೆ ಪೂರ್ತಿ ಪೂರ್ತಿ ಸುತ್ತು ಹಾಕ್ತವೆ, ಮೇಲೆ ಎಷ್ಟೋ ಕೆಳಗೂ ಅಷ್ಟೇ, ಸರಾಸರಿ ಸೊನ್ನೆ. `m = n` ಆದಾಗ ಮಾತ್ರ ಮೊದಲನೇದು `cos 0` ಆಗಿ 1 ಅಂತ ನಿಂತ್ಬಿಡತ್ತೆ, ಅರ್ಧ ಉಳಿಯತ್ತೆ. ಬುಕ್‌ನಲ್ಲಿ `bn` ಫಾರ್ಮುಲಾ ಮುಂದೆ `2/T` ಯಾಕೆ ಬಂತು ಅಂತ ಯಾರೂ ಹೇಳಿರ್ಲಿಲ್ವಂತೆ ಅವ್ಳಿಗೆ. ಈ ಅರ್ಧಾನ ಸರಿ ಮಾಡಕ್ಕೇ ಆ 2 ಇರೋದು.

ಇನ್ನು ಮುಳ್ಳಿನ ವಿಷಯ. `N=99`ರಲ್ಲಿ ಅಂಚಿನ ಪಕ್ಕ 1 ಇರಬೇಕಾದ ಕಡೆ ಸುಮಾರು 1.18 ಬರತ್ತೆ. `N=9`ರಲ್ಲೂ ಅಷ್ಟೇ ಎತ್ತರ, ಆದ್ರೆ ಅದು ಅಂಚಿಂದ 1 ಮಿಲಿಸೆಕೆಂಡ್ ದೂರ ಇತ್ತು, `N=99`ಕ್ಕೆ 100 ಮೈಕ್ರೋಸೆಕೆಂಡ್‌ಗೆ ಬಂತು. ಗಿಬ್ಸ್ ಮುಳ್ಳು ಇದು, ಹಾರೋ ಎತ್ತರದ ಸುಮಾರು ಶೇ 9ರಷ್ಟು (ನಮ್ದು -1 ಇಂದ +1ಕ್ಕೆ 2 ಹಾರತ್ತೆ, ಅದಕ್ಕೆ 0.18), ಎಷ್ಟು ಹಾರ್ಮೋನಿಕ್ ಹಾಕಿದ್ರೂ ಕುಳ್ಳಗಾಗಲ್ಲ, ಸಣಕಲಾಗ್ತಾ ಅಂಚಿಗೆ ಅಂಟ್ಕೊಳ್ಳತ್ತೆ ಅಷ್ಟೇ. ಅದಕ್ಕೆ ನಿಜವಾಗ್ಲೂ ಹಾರೋ ಅಂಚಿರೋ ಕಂಟಿನ್ಯುಯಸ್ ಟೈಮ್ ಸಿಗ್ನಲ್‌ಗೆ "ಸಮ" ಅನ್ನೋ ಮಾತನ್ನ ಎನರ್ಜಿ ಲೆಕ್ಕದಲ್ಲಿ ಓದ್ಕೋಬೇಕು. ಸ್ಕ್ವೇರ್ ವೇವ್‌ನ ಒಟ್ಟು ಪವರ್ 1 ಅಂದ್ರೆ ಫಂಡಮೆಂಟಲ್ ಒಂದರಲ್ಲೇ 0.81 ಇದೆ, 3ನೇದು ಸೇರಿದ್ರೆ 0.90, 5ನೇದು ಸೇರಿದ್ರೆ 0.93, ಹಿಂಗೆ ಬಾಕಿ ಸೊನ್ನೆ ಕಡೆಗೆ ಹೋಗತ್ತೆ. ಮುಳ್ಳು ಎತ್ತರ ಉಳಿಸ್ಕೊಂಡ್ರೂ ಅಗಲ ಕಳ್ಕೊಳ್ತಾ ಹೋಗೋದ್ರಿಂದ ಅದರ ಎನರ್ಜಿಯೂ ಕರಗತ್ತೆ. ಫೂರಿಯೇ 1807ರಲ್ಲಿ ಶಾಖ ಹರಿಯೋ ಲೆಕ್ಕಕ್ಕೆ ಇದನ್ನ ಪ್ಯಾರಿಸ್‌ನಲ್ಲಿ ಮುಂದಿಟ್ಟಾಗ ಲಗ್ರಾಂಜ್‌ನಂಥವ್ರೇ ಒಪ್ಪಿರ್ಲಿಲ್ಲ, ಯಾವ್ಯಾವ ಫಂಕ್ಷನ್‌ಗೆ ಇದು ನಿಜವಾಗ್ಲೂ ನಡೆಯತ್ತೆ ಅಂತ ಡಿರಿಶ್ಲೆ 1829ರಲ್ಲಿ ಷರತ್ತು ಹಾಕಿ ಸಾಧಿಸಿ ತೋರ್ಸಿದ್ದು. ಹಂಗಾಗಿ ನಾಲ್ಕನೇ ಸೆಮ್ ಹುಡುಗಿಗೆ ಅನುಮಾನ ಬಂದಿದ್ರಲ್ಲಿ ತಪ್ಪೇನಿಲ್ಲ.

ನಮ್ಮ ಡಬ್ಬಿಯಲ್ಲಿ ಮಾತ್ರ ಈ ಮುಳ್ಳನ್ನ ಪೂರ್ತಿ ಕೀಳ್ಬೋದು. `N=199` ಇಟ್ರೆ ಮುಳ್ಳು ಅಂಚಿನ ಪಕ್ಕದ ಒಂದೇ ಒಂದು ಸ್ಯಾಂಪಲ್ ಮೇಲೆ ನಿಂತಿರತ್ತೆ. ನಾವು ಹಾಕಿರೋ `4/(πn)` ಅನ್ನೋದು ಕಂಟಿನ್ಯುಯಸ್ ಅಲೆಯ ಲೆಕ್ಕ, 400 ಚುಕ್ಕಿಯ ಲೆಕ್ಕ ಅಲ್ಲ. ಮೇಲೆ ಬಿಲ್ ಹಿಂದೆ ಮಾಡಿದ ಹಾಗೆ 400 ಚುಕ್ಕಿಗೇ ಗುಣಿಸಿ ಕೂಡ್ಸಿದ್ರೆ ಬೇರೆ ನಂಬರ್ ಬರತ್ತೆ, ಒಂದು ಸಾಲು ಬದಲಾಯಿಸಿದ್ರೆ ಸಾಕು:

```
s += (4.0 / M) / tan(PI * n / M) * sin(n * x);
```

`n=1`ಕ್ಕೆ ಎರಡೂ 1.273, ವ್ಯತ್ಯಾಸವೇ ಕಾಣಲ್ಲ. `n=199`ಕ್ಕೆ ಮಾತ್ರ ಹಳೇದು 0.0064, ಹೊಸದು 0.00008. ಅಪ್‌ಲೋಡ್ ಮಾಡಿ `N=199` ಕೊಟ್ಟಾಗ ಮುಳ್ಳು ಮಾಯ, ಹಲಗೆ ಥರ ಚಪ್ಪಟೆ, ಏರುವಾಗ ಮಧ್ಯದಲ್ಲಿ ಸೊನ್ನೆಯ ಒಂದು ಮೆಟ್ಟಿಲು ಅಷ್ಟೇ. ನೂರು ಸೈನ್ ಸೇರಿ ಟೇಬಲ್‌ನಲ್ಲಿ ಒಂದು ಚೂರೂ ಬಾಕಿ ಉಳಿಸ್ದೆ ಸ್ಕ್ವೇರ್ ಆಗಿತ್ತು. ಅವ್ಳ ಮೂಲೆ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನಂಗೆ ಗೊತ್ತಿಲ್ಲ.

ಇಷ್ಟೊತ್ತಿಗೆ ಎರಡನೇ ಭಾನುವಾರ. ಈಗ ಸ್ಪೀಕರ್‌ಗೆ ಕೊಡೋಣ ಅಂತ. ಡ್ಯಾಕ್ ಔಟ್‌ಪುಟ್ 1.65 ವೋಲ್ಟ್ ಮೇಲೆ ಕೂತಿರತ್ತೆ, ಆ ಡಿಸಿನ ತಡೆಯಕ್ಕೆ ಮಧ್ಯೆ ಒಂದು ಕಪ್ಲಿಂಗ್ ಕೆಪಾಸಿಟರ್ ಹಾಕ್ಬೇಕು. ಡಬ್ಬದಲ್ಲಿ 1 ಮೈಕ್ರೋ ಸಿಕ್ತು, ಅದನ್ನೇ ಹಾಕಿ ಪಾಟ್‌ನ ಮೇಲಿನ ಕಾಲಿಗೆ ಬೆಸುಗೆ ಮಾಡ್ದೆ, ಕೆಳಗಿನ ಕಾಲು ಗ್ರೌಂಡ್‌ಗೆ. ಆಂಪ್ ಇನ್ನೂ ಜೋಡಿಸಿರ್ಲಿಲ್ಲ. ಕೋಡ್‌ನ ಹಳೇ `4/(PI*n)`ಗೇ ವಾಪಸ್ ತಂದು `N=99`, ಪಾಟ್‌ನ ಮೇಲಿನ ಕಾಲಿಗೆ ಪ್ರೋಬ್ ಇಟ್ಟು ನೋಡಿದ್ರೆ ಅದು ಸ್ಕ್ವೇರ್ ವೇವ್ ಅಲ್ವೇ ಅಲ್ಲ! ಗರಗಸದ ಹಲ್ಲು. ಮೇಲೆ ಹಾರಿದ್ದು 1.9 ವೋಲ್ಟ್ ತನಕ ಹೋಗಿ ಅಲ್ಲಿಂದ ಜಾರಿ ಜಾರಿ 0.7ಕ್ಕೆ ಬಂದು, ಆಮೇಲೆ ಕೆಳಗೆ ಹಾರತ್ತೆ, ಕೆಳಗೂ ಅದೇ ಕಥೆ.

ಮೊದಲು ಡ್ರೈ ಸೋಲ್ಡರ್ ಅಂತ ಅಂದ್ಕೊಂಡು ಎಲ್ಲಾ ಮತ್ತೆ ಬೆಸುಗೆ ಹಾಕ್ದೆ. ಪಾಟ್ ಬದಲಾಯಿಸ್ದೆ. ಪ್ರೋಬ್ ಕಾಂಪೆನ್ಸೇಷನ್ ತಿರುಪ್ದೆ. ಅವ್ಳು ಹಿಂದೆ ನಿಂತು, "ಮಾಮ, ಕಟಾಫ್ ಎಷ್ಟು?" ಅಂದ್ಲು. ಲೆಕ್ಕ ಹಾಕಿದ್ರೆ `1/(2πRC)`, 10 ಕಿಲೋಓಮ್‌ಗೆ 1 ಮೈಕ್ರೋ, 15.9 ಹರ್ಟ್ಸ್. ನಮ್ಮ ಸಿಗ್ನಲ್ 50 ಹರ್ಟ್ಸ್, ಕಟಾಫ್‌ಗಿಂತ ಮೂರು ಪಟ್ಟು ಮೇಲೆ. 50 ಹರ್ಟ್ಸ್ ಸೈನ್ ಈ ಕೆಪಾಸಿಟರ್ ದಾಟಿದ್ರೆ 0.953ರಷ್ಟು ಉಳಿಯತ್ತೆ, ಶೇ 5 ಕೂಡ ಕಮ್ಮಿ ಆಗಲ್ಲ, 150, 250 ಹರ್ಟ್ಸ್‌ನವಂತೂ ಹೆಚ್ಚುಕಮ್ಮಿ ಹಂಗೇ ಬರ್ತವೆ. ಅದಕ್ಕೇ ನಾನು ಕೆಪಾಸಿಟರ್ ಮೇಲೆ ಅನುಮಾನ ಪಡ್ಲಿಲ್ಲ. ಎಲ್ಲಾ ಹಾರ್ಮೋನಿಕ್‌ಗಳ ಎತ್ತರ ಸರಿಯಾಗೇ ಇದೆ, ಶೇಪ್ ಮಾತ್ರ ಇಷ್ಟು ಹಾಳು ಹೆಂಗೆ?

ಊಹೆ ಸಾಕು ಅಂತ ಸ್ಕೋಪಿಂದ ಸಿಎಸ್‌ವಿ ಇಳಿಸ್ಕೊಂಡು ಅದೇ ಗುಣಿಸಿ-ಸರಾಸರಿ ಕೆಲ್ಸ ಪೈಥಾನ್‌ಗೆ ಕೊಟ್ವಿ:

```
import numpy as np
t, v = np.loadtxt("cap.csv", delimiter=",",
                  skiprows=1, unpack=True)
w = 2*np.pi*50
for n in (1, 3, 5):
    a = 2*np.mean(v*np.cos(n*w*t))
    b = 2*np.mean(v*np.sin(n*w*t))
    print(n, a/1.29, b/1.29)
```

ಇಲ್ಲೂ ಒಂದ್ಸಲ ಎಡವಿದ್ವಿ. ಮೊದಲ ಕ್ಯಾಪ್ಚರ್‌ನಲ್ಲಿ ಎರಡೂಕಾಲು ಸೈಕಲ್ ಚಿಲ್ಲರೆ ಇತ್ತು, ಅದಕ್ಕೆ ಏನೇನೋ ನಂಬರ್ ಬಂತು. "ಪೂರ್ತಿ ಸುತ್ತು ಹಾಕಿದ್ರೆ ಸರಾಸರಿ ಸೊನ್ನೆ" ಅಂತ ಮೇಲೆ ಹೇಳಿದ್ನಲ್ಲ, ಅರ್ಧಂಬರ್ಧ ಸುತ್ತಿಗೆ ಅದು ನಡೆಯಲ್ಲ. ಸರಿಯಾಗಿ 100 ಮಿಲಿಸೆಕೆಂಡ್, ಅಂದ್ರೆ 5 ಸೈಕಲ್, ಏರೋ ಅಂಚಿನಲ್ಲಿ `t=0` ಬರೋ ಹಾಗೆ ಟ್ರಿಗರ್ ಇಟ್ಟು ತಗೋಬೇಕು. ಹಂಗೆ ತಗೊಂಡಾಗ ಬಂದ ನಂಬರ್‌ಗಳು ಲೆಕ್ಕದ ಹತ್ತಿರಕ್ಕೇ ಇದ್ವು, ಪಾಟು ಕೆಪಾಸಿಟರ್‌ಗಳ ಟಾಲರೆನ್ಸ್‌ನಷ್ಟು ಅತ್ತಿತ್ತ. ಲೆಕ್ಕದ್ದನ್ನೇ ಇಲ್ಲಿ ಹಾಕ್ತೀನಿ:

```
n    ಇರಬೇಕಿದ್ದ sin    ಬಂದ sin    ಬಂದ cos
1       1.273         1.156      0.368
3       0.424         0.420      0.045
5       0.255         0.254      0.016
```

ಕೊನೆ ಕಾಲಂ ನೋಡಿ. ನಾವು ಕೊಸೈನ್ ಹಾಕೇ ಇರ್ಲಿಲ್ಲ. ಕೆಪಾಸಿಟರ್ ಫಂಡಮೆಂಟಲ್ ಎತ್ತರವನ್ನ ಹೆಚ್ಚೇನೂ ಕುಗ್ಗಿಸ್ದೆ ಅದನ್ನ 17.7 ಡಿಗ್ರಿ ಮುಂದಕ್ಕೆ ತಳ್ಳಿದೆ. ಮುಂದಕ್ಕೆ ತಳ್ಳಿದ ಸೈನ್ ಅಂದ್ರೆ ಸ್ವಲ್ಪ ಸೈನ್ ಪ್ಲಸ್ ಸ್ವಲ್ಪ ಕೊಸೈನ್. 3ನೇದಕ್ಕೆ ಆ ತಳ್ಳು 6 ಡಿಗ್ರಿ ಮಾತ್ರ, 5ನೇದಕ್ಕೆ ಇನ್ನೂ ಕಮ್ಮಿ. ಹಂಗಾಗಿ ಎಲ್ಲಾ ಅಲೆಗಳೂ ಅಂಚಿನಲ್ಲಿ ಒಟ್ಟಿಗೆ ಸೊನ್ನೆ ದಾಟ್ತಿದ್ದಿದ್ದು ತಪ್ಪಿಹೋಯ್ತು, ಮದುವೆ ಬ್ಯಾಂಡ್‌ನಲ್ಲಿ ಡೋಲಿನವ್ನು ಒಬ್ನೇ ಒಂದು ಹೆಜ್ಜೆ ಮುಂದೆ ಹೋದ ಹಾಗೆ. 0.368 ಎತ್ತರದ ಆ ಕೊಸೈನ್ ಸೈಕಲ್ ಶುರುವಲ್ಲಿ ಮೇಲಿರತ್ತೆ, ಅರ್ಧ ಸೈಕಲ್‌ಗೆ ಕೆಳಗಿರತ್ತೆ. ಚಪ್ಪಟೆ ತಲೆಗೆ ಅದನ್ನ ಕೂಡ್ಸಿದ್ರೆ ಇಳಿಜಾರಾಗ್ದೆ ಇನ್ನೇನಾಗತ್ತೆ.

ಸೈನ್ ಮಾತ್ರ ಸಾಲಲ್ಲ, ಕೊಸೈನೂ ಬೇಕು ಅನ್ನೋದು ಇಲ್ಲಿ ಕಣ್ಣಿಗೆ ಕಾಣತ್ತೆ. `t=0`ಯಲ್ಲಿ ಎಲ್ಲಾ ಸೈನ್‌ಗಳೂ ಸೊನ್ನೆ, ಎಷ್ಟು ಕೂಡ್ಸಿದ್ರೂ ಸೊನ್ನೆಯೇ. ಬರೀ ಸೈನ್ ಇದ್ರೆ ಎಡಗಡೆ ಶೇಪು ಬಲಗಡೆಯದ್ದರ ತಲೆಕೆಳಗಾದ ಕನ್ನಡಿ ಆಗಿರ್ಲೇಬೇಕು. ಸ್ಕ್ವೇರ್ ವೇವ್ ಹಂಗಿತ್ತು, ನಾವು ಪಾರಾಗಿದ್ವಿ. ಜಾರಿದ ಸ್ಕ್ವೇರ್ ಹಂಗಿಲ್ಲ. ಬಿಲ್ ಹಿಂದಿನ ನಾಲ್ಕು ನಂಬರ್‌ನಲ್ಲೂ ಹಂಗೇ, `cos 1` ಸಾಲು ಅಳಿಸಿದ್ರೆ 3 ಮತ್ತು 1ರ ವ್ಯತ್ಯಾಸ ತೋರ್ಸಕ್ಕೆ ಬೇರೆ ಯಾವ ಸಾಲಿಗೂ ಕೈಲಾಗಲ್ಲ.

ರಿಪೇರಿ ಸುಲಭ, 1 ಮೈಕ್ರೋ ತೆಗ್ದು 100 ಮೈಕ್ರೋ ಹಾಕಿದ್ರೆ ಆಯ್ತು. ಆದ್ರೆ ಎಸ್.ಪಿ. ರೋಡ್‌ಗೆ ಹೋಗೋ ಮನಸ್ಸಿರ್ಲಿಲ್ಲ, ಮಳೆ ಬೇರೆ, ಮತ್ತೆ ಅವ್ಳಿಗೆ ಒಂದು ಹಠ ಬಂದಿತ್ತು: "ಕೆಪಾಸಿಟರ್ ಕೊಸೈನ್ ಸೇರ್ಸತ್ತೆ ಅಂದ್ರೆ ನಾವು ಮೊದಲೇ ಅಷ್ಟು ಮೈನಸ್ ಕೊಸೈನ್ ಹಾಕಿ ಕಳಿಸೋಣ." ಲೆಕ್ಕ ಹಾಕಿದ್ರೆ ಸೊಗಸಾಗಿ ಬರತ್ತೆ. ಕೆಪಾಸಿಟರ್ ದಾಟಿದ ಮೇಲೆ ಶುದ್ಧ `sin` ಬೇಕು ಅಂದ್ರೆ ಒಳಗೆ ಕೊಡಬೇಕಾದ್ದು `sin` ಮೈನಸ್ `(fc/f) cos`. 50 ಹರ್ಟ್ಸ್‌ಗೆ `fc/f` 0.318, `n`ನೇ ಹಾರ್ಮೋನಿಕ್‌ಗೆ ಅದರ `1/n`:

```
s += 4 / (PI * n) * (sin(n * x) - 0.318 / n * cos(n * x));
```

ಅಪ್‌ಲೋಡ್ ಮಾಡಿ ನೋಡಿದ್ರೆ ಇನ್ನೂ ಭಯಂಕರ, ಚಪ್ಪಟೆ ಆಗೋ ಬದ್ಲು ಪ್ರತಿ ತಲೆಯ ಕೊನೆಯಲ್ಲಿ ಒಂದು ಪ್ರಪಾತ. ಇದು ಕೆಪಾಸಿಟರ್ ತಪ್ಪಲ್ಲ, ನಂದು. ಕೊಸೈನ್ ಸೇರಿದ ಮೇಲೆ ಡ್ಯಾಕ್‌ಗೆ ಹೋಗೋ ಅಲೆ 1ಕ್ಕೆ ನಿಲ್ಲಲ್ಲ, 0.5ರಿಂದ ಏರ್ತಾ ಏರ್ತಾ 1.5ರ ತನಕ ಹೋಗತ್ತೆ, ಮೇಲೆ ಗಿಬ್ಸ್ ಮುಳ್ಳು ಬೇರೆ, 1.68. ಅದನ್ನ 100ರಿಂದ ಗುಣಿಸಿ 128 ಕೂಡ್ಸಿದ್ರೆ 296, `uint8_t`ಯಲ್ಲಿ ಹಿಡಿಯಲ್ಲ, 256 ಕಳೆದು 40 ಅಂತ ಬರ್ಕೊಂಡ್ಬಿಟ್ಟಿದೆ. 100 ಇದ್ದ ಕಡೆ 70 ಹಾಕ್ದೆ, 128 + 117.6, ಅಂದ್ರೆ 246ರ ಒಳಗೆ. ಆಗ ಕೂತ್ಕೊಂತು.

ಈ 0.5ರಿಂದ 1.5 ಎಲ್ಲಿಂದ ಬಂತು ಅಂತ ಒಂದ್ಸಲ ಯೋಚ್ನೆ ಮಾಡಿ, ಯಾಕಂದ್ರೆ ಫೂರಿಯೇ ಹೇಳಿದ್ದನ್ನ ಕೆಪಾಸಿಟರ್ ಬೇರೆ ದಾರಿಯಲ್ಲಿ ಹೇಳತ್ತೆ. ಬೆಸ ಕೊಸೈನ್‌ಗಳನ್ನ `1/n²` ಎತ್ತರದಲ್ಲಿ ಕೂಡ್ಸಿದ್ರೆ ಬರೋದು ತ್ರಿಕೋನ ಅಲೆ, ನಮ್ಮ ಲೆಕ್ಕದಲ್ಲಿ ಅದರ ಎತ್ತರ ಸರಿಯಾಗಿ 0.5. ಸ್ಕ್ವೇರ್‌ನಿಂದ ಅದನ್ನ ಕಳೆದ್ರೆ ತಲೆ ಚಪ್ಪಟೆ ಬಿಟ್ಟು ಏರ್ತಾ ಹೋಗತ್ತೆ. ಈಗ ಸರ್ಕ್ಯೂಟ್ ಕಡೆಯಿಂದ ನೋಡಿ, 10 ಕಿಲೋಓಮ್ ಮೇಲೆ 1 ವೋಲ್ಟ್ ಅಲುಗದ ಹಾಗೆ ನಿಲ್ಬೇಕು ಅಂದ್ರೆ 0.1 ಮಿಲಿಆಂಪ್ ಹರಿಯಬೇಕು, ಆ ಕರೆಂಟ್ 1 ಮೈಕ್ರೋ ಕೆಪಾಸಿಟರನ್ನ ಅರ್ಧ ಸೈಕಲ್‌ನ 10 ಮಿಲಿಸೆಕೆಂಡ್‌ನಲ್ಲಿ 1 ವೋಲ್ಟ್ ತುಂಬ್ಸತ್ತೆ. ಅಷ್ಟನ್ನ ನಾವು ಹಿಂದಿಂದ ತಳ್ತಾ ಇರಬೇಕು. 0.5ರಿಂದ 1.5, ಅದೇ 1. ಎರಡು ದಾರಿ, ಒಂದೇ ಉತ್ತರ. ಆ ಗರಗಸದ ಹಲ್ಲಿನ 1.9 ಮತ್ತು 0.7 ಕೂಡ ಹಿಂಗೇ ಬರತ್ತೆ: ಆರ್‌ಸಿ 10 ಮಿಲಿಸೆಕೆಂಡ್, ಅರ್ಧ ಸೈಕಲ್ಲೂ 10 ಮಿಲಿಸೆಕೆಂಡ್, ಅಷ್ಟರಲ್ಲಿ `V` ಜಾರಿ `0.37V` ಆಗತ್ತೆ, ಹಾರೋದು ಒಟ್ಟು 2, ಹಂಗಾಗಿ `1.37V = 2`, `V = 1.46`, ಕೊನೆಗೆ 0.54. 1.3ರಿಂದ ಗುಣಿಸ್ಕೊಳ್ಳಿ.

ಮೂರನೇ ಭಾನುವಾರ ಆಂಪ್ ಬೋರ್ಡ್ ಜೋಡಿಸಿದ್ವಿ. ಬಟನ್ ಒಂದ್ಸಲ ಒತ್ತಿದ್ರೆ ಹಳೇ ಟೇಬಲ್, ಇನ್ನೊಂದ್ಸಲ ಒತ್ತಿದ್ರೆ ಕೊಸೈನ್ ಹಾಕಿ ಸರಿ ಮಾಡಿದ ಟೇಬಲ್, ಎರಡನ್ನೂ 70ಕ್ಕೇ ಇಟ್ಟಿದ್ದೆ. (ಬಟನ್ ಒತ್ತಿದಾಗ ಟೇಬಲ್ ಕಟ್ಟಕ್ಕೆ ಸ್ವಲ್ಪ ಟೈಮ್ ಹಿಡಿಯತ್ತೆ, ಆಮೇಲೆ ಟೈಮರ್ ವೇರಿಯಬಲ್‌ಗೆ `micros()` ಮತ್ತೆ ಹಾಕ್ದೇ ಇದ್ರೆ ಹಿಂದೆ ಬಿದ್ದ ಸ್ಯಾಂಪಲ್‌ಗಳನ್ನೆಲ್ಲಾ ಒಂದೇ ಉಸಿರಲ್ಲಿ ಕಕ್ಕತ್ತೆ, ಕಿರ್ರ್ ಅಂತ ಕಿರುಚತ್ತೆ, ಎಚ್ಚರ.) ಸ್ಕೋಪ್‌ನಲ್ಲಿ ಎರಡು ಅಲೆಗೂ ಅಜಗಜಾಂತರ, ಒಂದು ಗರಗಸ, ಇನ್ನೊಂದು ಸ್ಕ್ವೇರ್. ಸ್ಪೀಕರ್‌ನಲ್ಲಿ ಎರಡೂ ಬರ್ರ್ ಅಂತ ಒಂದೇ ಥರ. ಅವ್ಳು ಕಣ್ಣು ಮುಚ್ಕೊಂಡು ಹತ್ತು ಸಲ ಊಹೆ ಮಾಡಿದ್ಲು, ಐದು ಸರಿ ಐದು ತಪ್ಪು. ಹಾರ್ಮೋನಿಕ್‌ಗಳ ಎತ್ತರ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ, ಫೇಸ್ ಮಾತ್ರ ಬೇರೆ, ಕಿವಿ ಫೇಸ್‌ಗೆ ಅಷ್ಟಾಗಿ ತಲೆ ಕೆಡಿಸ್ಕೊಳ್ಳಲ್ಲ, ಮತ್ತೆ ಆ ಸಣ್ಣ ಸ್ಪೀಕರ್‌ಗೆ 50 ಹರ್ಟ್ಸ್ ಹೇಗೂ ಬರಲ್ಲ.

ಆಮೇಲೆ ಸ್ಕೋಪ್ ಸರಿಯಾಗಿ ನೋಡಿದ್ರೆ "ಸರಿ ಮಾಡಿದ" ಟೇಬಲ್ ಕೂಡ ವಾಲ್ಯೂಮ್ ತಿರುಪಿದ ಹಾಗೆ ಸ್ವಲ್ಪ ಸ್ವಲ್ಪ ವಾಲ್ತಿತ್ತು. ಆಂಪ್‌ನ ಇನ್‌ಪುಟ್ ರೆಸಿಸ್ಟೆನ್ಸ್ ಪಾಟ್‌ಗೆ ಪ್ಯಾರಲಲ್ ಬಂದು 10 ಕಿಲೋಓಮ್ ಈಗ 10 ಇಲ್ಲ, ಕಟಾಫ್ ಮೇಲೆ ಹೋಯ್ತು, 0.318 ಅನ್ನೋ ನಂಬರ್ ಕೆಲಸಕ್ಕೆ ಬಾರದೆ ಹೋಯ್ತು. "ವಾಲ್ಯೂಮ್‌ಗೆ ತಕ್ಕ ಹಾಗೆ ಕೊಸೈನ್ ಬದಲಾಯಿಸೋ ಕೋಡ್ ಬರೀಲಾ ಮಾಮ?" ಅಂದ್ಲು. ಮಳೆ ನಿಂತಿತ್ತು. ಬೈಕ್ ಕೀ ತಗೊಂಡು 100 ಮೈಕ್ರೋ ತರಕ್ಕೆ ಹೊರಟೆ.